16:9 ಬದಲು 16:10 ಪರದೆ ತೆಗೆದುಕೊಂಡರೆ ಕೆಲಸದ ಜಾಗ 11% ಹೆಚ್ಚೋ, 5% ಹೆಚ್ಚೋ?

ಲೆಕ್ಕದಪುಸ್ತಕ

ದಿನವಿಡೀ ಎಕ್ಸೆಲ್ ಮತ್ತು ಪಿಡಿಎಫ್ ನೋಡುವ ಕೆಲಸ. 14 ಇಂಚಿನ ಲ್ಯಾಪ್‌ಟಾಪ್ ಬೇಕು. ಎರಡು ಮಾಡೆಲ್‌ಗಳ ನಡುವೆ ನಿಂತಿದ್ದೇನೆ. ಒಂದರ ಪರದೆ 1920×1080, ಇನ್ನೊಂದರದ್ದು 1920×1200. ಪ್ರೊಸೆಸರ್, ಮೆಮೊರಿ ಎಲ್ಲ ಒಂದೇ.

ಎರಡನೆಯದರ ವಿವರಣೆಯಲ್ಲಿ "11% ಹೆಚ್ಚು ಜಾಗ" ಅಂತ ಬರೆದಿದ್ದಾರೆ. ಆದರೆ ಎರಡರ ಕರ್ಣವೂ 14 ಇಂಚೇ. ಪೈಥಾಗರಸ್ ಹಾಕಿ ಉದ್ದ ಅಗಲ ತೆಗೆದು ಗುಣಿಸಿದರೆ ಗಾಜಿನ ವಿಸ್ತೀರ್ಣ 5% ಅಷ್ಟೇ ಜಾಸ್ತಿ ಬರುತ್ತದೆ. ಯಾವುದನ್ನು ನಂಬಬೇಕು? ನಿಜ ಹೇಳಬೇಕೆಂದರೆ ನನಗೆ ಶೇಕಡಾವಾರು ಬೇಡ, ಎಕ್ಸೆಲ್‌ನಲ್ಲಿ ಎಷ್ಟು ಸಾಲು ಹೆಚ್ಚು ಕಾಣುತ್ತದೆ ಅನ್ನುವುದು ಗೊತ್ತಾದರೆ ಸಾಕು.

ಚಿಕ್ಕಮಾತು

16:10 ತಗೊಳ್ಳಿ. ಎಕ್ಸೆಲ್‌ಗೆ ಎತ್ತರವೇ ಮುಖ್ಯ.

ಗೇಮರ್_ರವಿ

ಪಿಕ್ಸೆಲ್ ಲೆಕ್ಕವೇ ಸರಿ ಗುರು. 1080 ಸಾಲು ಇದ್ದದ್ದು 1200 ಆಯ್ತು, 120 ಸಾಲು ಜಾಸ್ತಿ, ಅಂದ್ರೆ 11%. ಗಾಜಿನ ವಿಸ್ತೀರ್ಣ ತಗೊಂಡು ಏನ್ ಮಾಡ್ತೀರಾ? ಪರದೆಯಲ್ಲಿ ಏನೇ ಕಂಡರೂ ಪಿಕ್ಸೆಲ್‌ನಲ್ಲೇ ಕಾಣೋದು. ಇಂಚು ಲೆಕ್ಕಕ್ಕೇ ಬರಲ್ಲ.

ಪರದೆಮಾಪಕ

ರವಿ ಹೇಳಿದ್ದು ಅರ್ಧ ಸರಿ. 11% ಕೂಡ ನಿಜ, 5% ಕೂಡ ನಿಜ. ಇವೆರಡರ ನಡುವಿನ ವ್ಯತ್ಯಾಸ ಅಕ್ಷರದ ಗಾತ್ರದಲ್ಲಿ ಅಡಗಿದೆ.

14 ಇಂಚಿನ 16:9 ಪರದೆ 31 ಸೆಂ.ಮೀ. ಅಗಲ, 17.4 ಸೆಂ.ಮೀ. ಎತ್ತರ. ಅದೇ 14 ಇಂಚಿನ 16:10 ಪರದೆ 30.2 ಸೆಂ.ಮೀ. ಅಗಲ, 18.8 ಸೆಂ.ಮೀ. ಎತ್ತರ. ಅಂದರೆ ಎತ್ತರ 8% ಬೆಳೆದಿದೆ, ಅಗಲ 2.7% ಕುಗ್ಗಿದೆ. ಆದರೆ ಅಗಲಕ್ಕೆ ಎರಡರಲ್ಲೂ ಅದೇ 1920 ಪಿಕ್ಸೆಲ್. ಕಡಿಮೆ ಅಗಲದಲ್ಲಿ ಅಷ್ಟೇ ಪಿಕ್ಸೆಲ್ ತುಂಬಿಸಿದರೆ ಒಂದೊಂದು ಪಿಕ್ಸೆಲ್ಲೂ ಆ 2.7% ಚಿಕ್ಕದಾಗಲೇಬೇಕು, ಅದರ ಜೊತೆಗೆ ಅಕ್ಷರವೂ. ಹಾಗಾಗಿ 11% ಲಾಭದಲ್ಲಿ ಸುಮಾರು ಅರ್ಧ ನಿಜವಾದ ಗಾಜಿನಿಂದ ಬಂದದ್ದು, ಉಳಿದರ್ಧ ಎಲ್ಲವನ್ನೂ ತುಸು ಚಿಕ್ಕದಾಗಿ ಬರೆದದ್ದರಿಂದ ಬಂದದ್ದು. 1.052 ಅನ್ನು 1.056ರಿಂದ ಗುಣಿಸಿ ನೋಡಿ, ಸರಿಯಾಗಿ 1.11 ಬರುತ್ತದೆ.

2.7% ಅಂದರೆ 11 ಪಾಯಿಂಟ್ ಅಕ್ಷರ 10.7 ಪಾಯಿಂಟ್ ಆದ ಹಾಗೆ. ಹೆಚ್ಚಿನವರಿಗೆ ಅದು ಗೊತ್ತಾಗುವುದೇ ಇಲ್ಲ. ಆದರೆ ಈಗಾಗಲೇ ಅಕ್ಷರ ಓದಲು ಕಷ್ಟಪಡುತ್ತಿರುವವರಿಗೆ ಅದು ಪುಕ್ಕಟೆ ಲಾಭ ಅಲ್ಲ.

ಲೆಕ್ಕದಪುಸ್ತಕ

ಇದು ತಲೆಗೆ ಹೋಯಿತು, ಧನ್ಯವಾದ ಸರ್. ಹಾಗಾದರೆ ಎಕ್ಸೆಲ್ ಸಾಲುಗಳು 8% ಹೆಚ್ಚೋ 11% ಹೆಚ್ಚೋ?

ಪರದೆಮಾಪಕ

ಎರಡಕ್ಕಿಂತಲೂ ಹೆಚ್ಚು, ಹತ್ತಿರ ಹತ್ತಿರ 19%. ಬಹಳ ಜನ ಇಲ್ಲೇ ಲೆಕ್ಕ ತಪ್ಪುತ್ತಾರೆ, ಅದಕ್ಕೆ ಸ್ವಲ್ಪ ಬಿಡಿಸಿ ಹೇಳುತ್ತೇನೆ.

14 ಇಂಚಿನ ಲ್ಯಾಪ್‌ಟಾಪ್‌ನಲ್ಲಿ ವಿಂಡೋಸ್ ಸ್ಕೇಲಿಂಗ್ ಅನ್ನು 150% ಇಟ್ಟುಕೊಳ್ಳುತ್ತೀರಿ ಅಂದುಕೊಳ್ಳೋಣ. ಆಗ ಪ್ರೋಗ್ರಾಂಗಳಿಗೆ ನಿಮ್ಮ ಪರದೆ 1280×720 ಅಥವಾ 1280×800 ಇದ್ದಂತೆ. ಅದರಲ್ಲಿ ಕೆಳಗಿನ ಟಾಸ್ಕ್‌ಬಾರ್ ವಿಂಡೋಸ್ 11ರಲ್ಲಿ 48 ತಿನ್ನುತ್ತದೆ. ಎಕ್ಸೆಲ್‌ನ ಶೀರ್ಷಿಕೆ ಪಟ್ಟಿ, ಟ್ಯಾಬ್‌ಗಳು, ರಿಬ್ಬನ್, ಫಾರ್ಮುಲಾ ಪಟ್ಟಿ, ಕಾಲಂ ತಲೆಬರಹ, ಕೆಳಗಿನ ಶೀಟ್ ಹೆಸರುಗಳು, ಸ್ಟೇಟಸ್ ಪಟ್ಟಿ ಎಲ್ಲ ಸೇರಿ ಇನ್ನೊಂದು 250ರ ಆಸುಪಾಸು. ಒಟ್ಟು 300 ಅಂತ ಹಿಡಿಯಿರಿ.

ಈ 300 ಎರಡೂ ಪರದೆಯಲ್ಲಿ ಒಂದೇ. 720ರಲ್ಲಿ 300 ಹೋದರೆ 420 ಉಳಿಯಿತು. 800ರಲ್ಲಿ 300 ಹೋದರೆ 500. ಎಕ್ಸೆಲ್‌ನ ಮಾಮೂಲಿ ಸಾಲು 15 ಪಾಯಿಂಟ್, ಅಂದರೆ 20 ಪಿಕ್ಸೆಲ್. ಹಾಗಾಗಿ 16:9ರಲ್ಲಿ 21 ಸಾಲು, 16:10ರಲ್ಲಿ 25 ಸಾಲು. ನಾಲ್ಕು ಸಾಲು ಹೆಚ್ಚು, ಅದೂ 21ರ ಮೇಲೆ.

ಹೆಚ್ಚುವರಿ ಎತ್ತರದಲ್ಲಿ ಪಟ್ಟಿಗಳಿಗೆ ಪಾಲಿಲ್ಲ, ಅಷ್ಟೂ ಕೆಲಸದ ಜಾಗಕ್ಕೇ ಸೇರುತ್ತದೆ. ಪಟ್ಟಿಗಳು ಕಡಿಮೆ ಇರುವ ಪ್ರೋಗ್ರಾಂನಲ್ಲಿ ಲಾಭವೂ ಕಡಿಮೆ. ಬರೀ ಬ್ರೌಸರ್ ಆದರೆ ಟ್ಯಾಬ್ ಮತ್ತು ವಿಳಾಸ ಪಟ್ಟಿ ಸುಮಾರು 85, ಟಾಸ್ಕ್‌ಬಾರ್ 48, ಅಲ್ಲಿ ಲಾಭ 14% ಹತ್ತಿರ ನಿಲ್ಲುತ್ತದೆ.

ಸುಬ್ಬಣ್ಣ

ಲೆಕ್ಕ ಒಪ್ಪಿದೆ. ಆದರೆ ಆ ನಾಲ್ಕು ಸಾಲಿಗೋಸ್ಕರ ಲ್ಯಾಪ್‌ಟಾಪ್ ಬದಲಿಸಬೇಕೆ? Ctrl+F1 ಒತ್ತಿದರೆ ರಿಬ್ಬನ್ ಮಡಚಿಕೊಳ್ಳುತ್ತದೆ, 90ಕ್ಕೂ ಹೆಚ್ಚು ಪಿಕ್ಸೆಲ್ ಬಿಡುವಾಗುತ್ತದೆ. 16:9ರಲ್ಲೇ 25 ಸಾಲು ಬಂತು. ಟಾಸ್ಕ್‌ಬಾರನ್ನು ತಾನಾಗಿ ಅಡಗುವಂತೆ ಮಾಡಿದರೆ ಇನ್ನೆರಡು ಸಾಲು. ಒಂದು ಕೀಲಿ ಒತ್ತುವುದರಿಂದ ಸಿಗುವುದಕ್ಕೆ ಹೊಸ ಪರದೆ ಯಾಕೆ?

ಚಿಕ್ಕಮಾತು

16:10ರಲ್ಲೂ Ctrl+F1 ಕೆಲಸ ಮಾಡುತ್ತದಲ್ಲ ಅಣ್ಣ.

ಸುಬ್ಬಣ್ಣ

ಮಾಡುತ್ತದೆ, ಇಲ್ಲ ಅನ್ನಲಿಲ್ಲ. ನನ್ನ ಮಾತು ಇಷ್ಟೇ: ಕೈಯಲ್ಲಿ ಈಗಾಗಲೇ 16:9 ಇದ್ದವರು ಅದನ್ನು ಬಿಸಾಡುವ ಮೊದಲು ಪಟ್ಟಿಗಳನ್ನು ಮಡಚಿ ನೋಡಲಿ. ಇನ್ನೊಂದು, ಸ್ಕೇಲಿಂಗ್ ಅನ್ನು 150%ರಿಂದ 125%ಗೆ ಇಳಿಸಿದರೆ 1080ರ ಪರದೆಯೇ 1536×864 ಆಗುತ್ತದೆ. 864 ಅನ್ನುವುದು ಪರದೆಮಾಪಕರ 800ಕ್ಕಿಂತ ದೊಡ್ಡದು. ಅಗಲವೂ 1280ರಿಂದ 1536ಕ್ಕೆ ಏರಿತು. ಪರದೆಯ ಆಕಾರಕ್ಕಿಂತ ಸ್ಕೇಲಿಂಗ್‌ನದ್ದೇ ದೊಡ್ಡ ಪರಿಣಾಮ.

ಪರದೆಮಾಪಕ

ಸ್ಕೇಲಿಂಗ್ ದೊಡ್ಡ ವಿಷಯ ಅನ್ನುವುದು ಪೂರ್ತಿ ಸರಿ, ಆದರೆ ಅದಕ್ಕೆ ತೆರುವ ಬೆಲೆಯನ್ನೂ ಹೇಳಬೇಕು. 14 ಇಂಚಿನಲ್ಲಿ 150% ಇಟ್ಟಾಗ ಅಕ್ಷರಗಳು ಮಾಮೂಲಿ 24 ಇಂಚಿನ 1080 ಮಾನಿಟರಿನಲ್ಲಿ ಕಾಣುವ ಗಾತ್ರದ ಸುಮಾರು 88% ಇರುತ್ತವೆ. 125%ಗೆ ಇಳಿಸಿದರೆ 73%. ಲ್ಯಾಪ್‌ಟಾಪನ್ನು ಮಾನಿಟರಿಗಿಂತ ಹತ್ತಿರದಿಂದ ನೋಡುತ್ತೇವೆ, ಹಾಗಾಗಿ 88% ಹೊಂದಿಕೊಳ್ಳುತ್ತದೆ. 73% ಎಲ್ಲರಿಗೂ ಆಗುವುದಿಲ್ಲ. ಸಂಜೆಯ ಹೊತ್ತಿಗೆ ಬೆನ್ನು ಬಾಗಿ ಮುಖ ಪರದೆಯ ಹತ್ತಿರ ಹೋಗುತ್ತಿದ್ದರೆ ಸ್ಕೇಲಿಂಗ್ ಅತಿ ಕಡಿಮೆ ಆಯಿತು ಅಂತ ಅರ್ಥ.

16:10 ಪರದೆಗೆ ನೀವು ಕೊಡುವ ಬೆಲೆ ಆ 2.7% ಮಾತ್ರ. 125%ಗೆ ಇಳಿದರೆ ಕೊಡುವುದು 17%. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು.

ಕೋಡ್‌ಕಣಜ

ಟಾಸ್ಕ್‌ಬಾರ್ ಬಗ್ಗೆ ಒಂದು ಮಾತು. ವಿಂಡೋಸ್ 10ರಲ್ಲಿ ಅದನ್ನು ಎಳೆದು ಎಡಪಕ್ಕಕ್ಕೆ ನಿಲ್ಲಿಸಬಹುದಿತ್ತು. 16:9ರಲ್ಲಿ ಅಗಲ ಧಾರಾಳ, ಎತ್ತರಕ್ಕೇ ಬರ, ಹಾಗಾಗಿ ಟಾಸ್ಕ್‌ಬಾರ್ ಇರಬೇಕಾದದ್ದೇ ಪಕ್ಕದಲ್ಲಿ. ವಿಂಡೋಸ್ 11 ಬಂದಾಗ ಆ ಸೌಲಭ್ಯ ತೆಗೆದುಬಿಟ್ಟರು, ಕೆಳಗಿನ ಪಟ್ಟಿಯನ್ನು 40ರಿಂದ 48ಕ್ಕೆ ದಪ್ಪವೂ ಮಾಡಿದರು. ಲಿನಕ್ಸ್ ಡೆಸ್ಕ್‌ಟಾಪ್‌ಗಳಲ್ಲಿ, ಮ್ಯಾಕ್‌ನ ಡಾಕ್‌ನಲ್ಲಿ ಈಗಲೂ ಪಕ್ಕಕ್ಕೆ ಇಡಬಹುದು. ಬ್ರೌಸರ್ ಟ್ಯಾಬ್‌ಗಳನ್ನೂ ಪಕ್ಕಕ್ಕೆ ಹಾಕಿಕೊಳ್ಳಿ, ಎಡ್ಜ್ ಮತ್ತು ಫೈರ್‌ಫಾಕ್ಸ್ ಎರಡರಲ್ಲೂ ಅದಿದೆ.

ಲೆಕ್ಕದಪುಸ್ತಕ

ಸ್ಕೇಲಿಂಗ್ 150% ಇಟ್ಟಾಗ ಒಂದು ತೊಂದರೆ ಆಗುತ್ತಿದೆ, ಅದೂ ಇದಕ್ಕೆ ಸಂಬಂಧಪಟ್ಟದ್ದೇ ಇರಬೇಕು. ಈಗಿನ 16:9 ಲ್ಯಾಪ್‌ಟಾಪ್‌ನಲ್ಲಿ ಒಂದು ಹಳೆಯ ಲೆಕ್ಕಪತ್ರ ಸಾಫ್ಟ್‌ವೇರ್‌ನ ಸೆಟ್ಟಿಂಗ್ಸ್ ಕಿಟಕಿ ತೆರೆದರೆ ಕೆಳಗಿನ OK ಗುಂಡಿ ಟಾಸ್ಕ್‌ಬಾರ್ ಹಿಂದೆ ಹೋಗಿಬಿಡುತ್ತದೆ. ಕಿಟಕಿಯನ್ನು ಚಿಕ್ಕದು ಮಾಡಲೂ ಬಿಡುವುದಿಲ್ಲ.

ಪರದೆಮಾಪಕ

ಸಂಬಂಧಪಟ್ಟದ್ದೇ. ಹಳೆಯ ಪ್ರೋಗ್ರಾಂ ಬರೆದವರು ಎತ್ತರ ಕನಿಷ್ಠ 768 ಇದ್ದೇ ಇರುತ್ತದೆ ಅಂತ ನಂಬಿ ಆ ಕಿಟಕಿಯ ಅಳತೆ ಗಟ್ಟಿ ಮಾಡಿಬಿಟ್ಟಿರುತ್ತಾರೆ. 150%ನಲ್ಲಿ ನಿಮಗಿರುವುದು 720, ಟಾಸ್ಕ್‌ಬಾರ್ ಕಳೆದರೆ 672. 700 ಎತ್ತರದ ಕಿಟಕಿ ಹಿಡಿಸುವುದಿಲ್ಲ. 16:10ರಲ್ಲಿ 752 ಉಳಿಯುತ್ತದೆ, ಹಿಡಿಸುತ್ತದೆ.

ಸದ್ಯಕ್ಕೆ ಉಪಾಯ: ಆ ಕಿಟಕಿ ಮುಂದಿರುವಾಗ Alt+Space ಒತ್ತಿ, ಆಮೇಲೆ M ಒತ್ತಿ, ಮೇಲ್ಮುಖ ಬಾಣದ ಕೀಲಿ ಹಿಡಿದುಕೊಳ್ಳಿ. ಕಿಟಕಿಯ ತಲೆ ಪರದೆಯಾಚೆ ಹೋಗುತ್ತದೆ, ಗುಂಡಿ ಕಾಣುತ್ತದೆ. ಮೌಸ್‌ನಿಂದ ಎಳೆದರೆ ಅಷ್ಟು ಮೇಲೆ ಹೋಗುವುದಿಲ್ಲ, ಕೀಲಿಯಿಂದ ಹೋಗುತ್ತದೆ.

ವೀಣಾ_ಪುಟವಿನ್ಯಾಸ

ಎಲ್ಲರೂ ಎಕ್ಸೆಲ್ ಹಿಂದೆ ಬಿದ್ದಿದ್ದೀರಿ, ಅವರು ಪಿಡಿಎಫ್ ಅಂತಲೂ ಕೇಳಿದ್ದಾರೆ. ಆಕಾರದ ವ್ಯತ್ಯಾಸ ಎದ್ದು ಕಾಣುವುದು ಅಲ್ಲೇ, ಯಾಕೆಂದರೆ ಎ4 ಹಾಳೆ 210 ಮಿ.ಮೀ. ಅಗಲ, 297 ಮಿ.ಮೀ. ಎತ್ತರ. ಅಗಲದ ಪರದೆಗೂ ಅದಕ್ಕೂ ಹೊಂದಿಕೆಯೇ ಇಲ್ಲ.

14 ಇಂಚಿನಲ್ಲಿ ಇಡೀ ಪುಟ ಒಮ್ಮೆಗೇ ಓದುವ ಆಸೆ ಬಿಡಿ, ಎರಡೂ ಆಕಾರದಲ್ಲಿ ಅದು ಆಗುವುದಿಲ್ಲ. ಆದರೆ ಅರ್ಧ ಪುಟ ನೋಡಿ. ಅರ್ಧ ಎ4 ಅಂದರೆ 148.5 ಮಿ.ಮೀ. ಎತ್ತರ. 16:10 ಪರದೆಯ 188 ಮಿ.ಮೀ.ಯಲ್ಲಿ ಟಾಸ್ಕ್‌ಬಾರ್ ಮತ್ತು ಪಿಡಿಎಫ್ ಪಟ್ಟಿಗಳು ಸುಮಾರು 32 ಮಿ.ಮೀ. ತಿಂದರೆ 156 ಉಳಿಯುತ್ತದೆ. ಅರ್ಧ ಪುಟ ಅಸಲಿ ಗಾತ್ರದಲ್ಲಿ ಕೂರುತ್ತದೆ, ಒಂದು ಸಲ ಸರಿಸಿದರೆ ಪುಟ ಮುಗಿಯಿತು. 16:9ರ 174ರಲ್ಲಿ, ಪಿಕ್ಸೆಲ್ ತುಸು ದೊಡ್ಡದಾದ್ದರಿಂದ ಅದೇ ಪಟ್ಟಿಗಳು ಸುಮಾರು 33 ತಿಂದರೆ 141 ಉಳಿಯುತ್ತದೆ. ಏಳು ಮಿ.ಮೀ. ಕಡಿಮೆ. ಅಂದರೆ ಪ್ರತಿ ಪುಟಕ್ಕೂ ಎರಡು ಸಲ ಸರಿಸಬೇಕು, ಇಲ್ಲವೇ ಪುಟವನ್ನು 95%ಗೆ ಕುಗ್ಗಿಸಬೇಕು. ದಿನಕ್ಕೆ ನೂರಾರು ಪುಟ ತಿರುವುವವರಿಗೆ ಇದು ಸಣ್ಣ ವಿಷಯ ಅಲ್ಲ.

ಸುಬ್ಬಣ್ಣ

95%ಗೆ ಕುಗ್ಗಿಸಿದರೆ ಯಾರಿಗೂ ಕಣ್ಣು ನೋಯುವುದಿಲ್ಲ ವೀಣಾ ಮೇಡಂ.

ವೀಣಾ_ಪುಟವಿನ್ಯಾಸ

ಅರ್ಧ ಪುಟಕ್ಕೆ ಸರಿ, ಒಪ್ಪಿದೆ. ಪೂರ್ತಿ ಪುಟ ನೋಡಿಕೊಂಡು ತಿದ್ದುವ ಕೆಲಸಕ್ಕೆ ಬನ್ನಿ, ಅಲ್ಲಿ 24 ಇಂಚಿನ ಮಾನಿಟರ್ ಬೇಕು. 24 ಇಂಚಿನ 16:9 ಪರದೆಯ ಎತ್ತರ 299 ಮಿ.ಮೀ., ಎ4 ಹಾಳೆ 297. ಎರಡೇ ಮಿ.ಮೀ. ಉಳಿಕೆ, ಪಟ್ಟಿಗಳಿಗೆ ಜಾಗವೇ ಇಲ್ಲ. 24 ಇಂಚಿನ 16:10 ಆದರೆ ಎತ್ತರ 323 ಮಿ.ಮೀ., ಅಗಲ 517. ಎದುರುಬದುರು ಎರಡು ಎ4 ಪುಟ ಅಸಲಿ ಗಾತ್ರದಲ್ಲಿ ಇಟ್ಟರೆ 420 ಮಿ.ಮೀ. ಅಗಲ ಬೇಕು. ಇಟ್ಟ ಮೇಲೆ ಮೇಲ್ಗಡೆ 26 ಮಿ.ಮೀ., ಬದಿಯಲ್ಲಿ ಸುಮಾರು 97 ಮಿ.ಮೀ. ಉಳಿಯುತ್ತದೆ. ಮೇಲೆ ತೆಳುವಾದ ಒಂದು ಮೆನು ಪಟ್ಟಿ, ಬದಿಗೆ ಪರಿಕರಗಳ ಪಟ್ಟಿ. ಪುಟ ವಿನ್ಯಾಸದವರು 24 ಇಂಚಿನ 1920×1200 ಮಾನಿಟರನ್ನು ಬಿಡದೆ ಹಿಡಿದುಕೊಂಡಿರುವುದಕ್ಕೆ ಇದೇ ಕಾರಣ.

ವರ್ಡ್‌ನಲ್ಲಿ ಆದರೆ ಬೇರೆ ಲೆಕ್ಕ. ವಿಂಡೋಸ್‌ನಲ್ಲಿ 100% ಜೂಮ್ ಅಂದರೆ ಎ4 ಪುಟ 794×1123 ಪಿಕ್ಸೆಲ್. 1200 ಎತ್ತರದಲ್ಲೂ ರಿಬ್ಬನ್ ಸಮೇತ ಅದು ಹಿಡಿಸದು. ಇಡೀ ಪುಟ ಕಾಣಬೇಕೆಂದರೆ ರಿಬ್ಬನ್ ಬಿಚ್ಚಿಟ್ಟು 1200ರಲ್ಲಿ ಸುಮಾರು 82%, 1080ರಲ್ಲಿ ಸುಮಾರು 71% ಜೂಮ್. 11 ಪಾಯಿಂಟ್ ಅಕ್ಷರ ಮೊದಲನೆಯದರಲ್ಲಿ 9 ಪಾಯಿಂಟ್‌ನಷ್ಟು, ಎರಡನೆಯದರಲ್ಲಿ 8ಕ್ಕೂ ಕಡಿಮೆ ಕಾಣುತ್ತದೆ. ಕನ್ನಡ ಕರಡು ತಿದ್ದುವವರಿಗೆ ಆ 71%ನಲ್ಲಿ ಒತ್ತಕ್ಷರಗಳು ಒಂದಕ್ಕೊಂದು ಅಂಟಿ ಕಾಣುತ್ತವೆ, ತ-ಒತ್ತೋ ನ-ಒತ್ತೋ ಗೊತ್ತಾಗದೆ ತಪ್ಪು ಉಳಿದುಹೋಗುತ್ತದೆ.

ಗೇಮರ್_ರವಿ

ಅಷ್ಟೆಲ್ಲ ಕಷ್ಟ ಯಾಕೆ, 27 ಇಂಚಿನ 2560×1440 ತಗೊಳ್ಳಿ. 16:9ಏ, ಆದ್ರೂ 24 ಇಂಚಿನ 16:10ಗಿಂತ ಎತ್ತರ.

ವೀಣಾ_ಪುಟವಿನ್ಯಾಸ

ಇದರಲ್ಲಿ ರವಿ ಹೇಳಿದ್ದು ನಿಜ. 27 ಇಂಚಿನ 16:9 ಎತ್ತರ 336 ಮಿ.ಮೀ., ಅಗಲ 598. ಎರಡು ಎ4 ಆರಾಮಾಗಿ ಕೂತು ಬದಿಯಲ್ಲಿ ಇನ್ನೂ 178 ಮಿ.ಮೀ. ಉಳಿಯುತ್ತದೆ. ಆದರೆ 8 ಸೆಂ.ಮೀ. ಹೆಚ್ಚು ಅಗಲದ ಮೇಜು ಬೇಕು, ಎರಡು ಮೂಲೆ ನೋಡಲು ತಲೆ ತಿರುಗಿಸಬೇಕು.

ಪರದೆಮಾಪಕ

ಇಲ್ಲಿ ಇನ್ನೊಂದು ಗಮನಿಸಿ. 27 ಇಂಚಿನ 1440ರಲ್ಲಿ ಇಂಚಿಗೆ 109 ಪಿಕ್ಸೆಲ್, 24 ಇಂಚಿನ 1200ರಲ್ಲಿ 94. 27 ಇಂಚಿನದ್ದನ್ನು 100% ಸ್ಕೇಲಿಂಗ್‌ನಲ್ಲೇ ಬಳಸಿದರೆ ಅಕ್ಷರ 13% ಚಿಕ್ಕದು. ದೊಡ್ಡ ಮಾನಿಟರನ್ನು ಸಾಮಾನ್ಯವಾಗಿ ಸ್ವಲ್ಪ ದೂರವೇ ಇಡುತ್ತೇವೆ, ಆಗ ಇನ್ನೂ ಚಿಕ್ಕದು. 125% ಸ್ಕೇಲಿಂಗ್ ಹಾಕಿದರೆ 1440 ಎತ್ತರ 1152 ಆಗಿಬಿಡುತ್ತದೆ, ಅಂದರೆ 1200ಕ್ಕಿಂತ ಕಡಿಮೆ. ಪುಟ ದೊಡ್ಡದಾಗಿ ಕಾಣುತ್ತದೆ, ಸಾಲುಗಳ ಸಂಖ್ಯೆ ಹೆಚ್ಚುವುದಿಲ್ಲ. ಯಾವುದು ಬೇಕು ಅಂತ ಮೊದಲೇ ನಿರ್ಧರಿಸಿಕೊಳ್ಳಿ.

ಪಾಠದವಿಡಿಯೊ

ನಾನು ಪಾಠಗಳನ್ನು ಪರದೆ ರೆಕಾರ್ಡ್ ಮಾಡಿ ಹಾಕುತ್ತೇನೆ. ಹಾಗಾದರೆ ವಿಡಿಯೊವನ್ನು 16:10ರಲ್ಲಿ ಮಾಡಬೇಕಾ? ನೋಡುವವರಿಗೆ ಜಾಗ ಹೆಚ್ಚು ಸಿಗುತ್ತದೆಯೇ?

ಕೋಡ್‌ಕಣಜ

ಇಲ್ಲ ಇಲ್ಲ, ಇಲ್ಲಿ ಮಾತಾಡುತ್ತಿರುವುದು ಕೆಲಸ ಮಾಡುವ ಪರದೆಯ ಬಗ್ಗೆ. ವಿಡಿಯೊ 16:9ರಲ್ಲೇ ಇರಲಿ, ನೋಡುವವರ ಟಿವಿ 16:9.

ಆದರೆ ನಿಮ್ಮ ಪರದೆ 1920×1200 ಆಗಿದ್ದರೆ ಒಂದು ತೊಡಕಿದೆ. ಇಡೀ ಪರದೆಯನ್ನು 1920×1080 ವಿಡಿಯೊಗೆ ಹಿಡಿಸಿದರೆ ಅದು 1728×1080ಗೆ ಕುಗ್ಗುತ್ತದೆ, ಎಡಬಲಕ್ಕೆ 96 ಪಿಕ್ಸೆಲ್ ಕಪ್ಪು ಪಟ್ಟಿ ಬರುತ್ತದೆ, ಅಕ್ಷರ 90%ಗೆ ಇಳಿದು ಮಸುಕಾಗುತ್ತದೆ. ಒಬಿಎಸ್‌ನಲ್ಲಿ ಕ್ಯಾನ್ವಾಸ್ 1920×1080 ಇಟ್ಟು, ಪರದೆಯ ಮೂಲವನ್ನು ಕುಗ್ಗಿಸದೆ ಕೆಳಗಿನಿಂದ 120 ಪಿಕ್ಸೆಲ್ ಕತ್ತರಿಸಿ. ಒಂದಕ್ಕೊಂದು ಪಿಕ್ಸೆಲ್ ಕೂರುತ್ತದೆ, ಅಕ್ಷರ ಚೂಪಾಗಿ ಬರುತ್ತದೆ. ಕತ್ತರಿಸಿದ ಆ ಕೆಳಭಾಗದಲ್ಲಿ ನಿಮ್ಮ ಟಿಪ್ಪಣಿ ಇಟ್ಟುಕೊಳ್ಳಬಹುದು, ವಿಡಿಯೊದಲ್ಲಿ ಕಾಣಿಸುವುದಿಲ್ಲ.

ಪಾಠದವಿಡಿಯೊ

ಟಿಪ್ಪಣಿಗೆ ಜಾಗ! ಇದು ಬಹಳ ಉಪಯೋಗ. ಧನ್ಯವಾದ.

ತೆರೆದಕಿಟಕಿ

ನನ್ನದು ಬೇರೆಯೇ ಸಮಸ್ಯೆ. 24 ಇಂಚಿನ ಹಳೆಯ 1920×1200 ಮಾನಿಟರನ್ನು ಒಂದು ಎಚ್‌ಡಿಎಂಐ ಸ್ವಿಚ್ ಮೂಲಕ ಲಿನಕ್ಸ್ ಯಂತ್ರಕ್ಕೆ ಜೋಡಿಸಿದ್ದೇನೆ. ರೆಸಲ್ಯೂಷನ್ ಪಟ್ಟಿಯಲ್ಲಿ 1920×1080 ಮೇಲೆ ಏನೂ ಇಲ್ಲ. ಪರದೆ ತುಂಬಾ ಚಿತ್ರ ಬರುತ್ತಿದೆ, ಕಪ್ಪು ಪಟ್ಟಿ ಇಲ್ಲ, ಆದರೆ ಏನೋ ಸರಿಯಿಲ್ಲ ಅನ್ನಿಸುತ್ತದೆ. ಅಕ್ಷರಗಳು ಉದ್ದುದ್ದ.

ಪರದೆಮಾಪಕ

ಅನ್ನಿಸುವುದಲ್ಲ, ಹಾಗೇ ಆಗಿದೆ. 1080 ಸಾಲನ್ನು ಮಾನಿಟರ್ 1200ಕ್ಕೆ ಎಳೆದಿದೆ. ಯಾವುದಾದರೂ ಚಿತ್ರ ಬಿಡಿಸುವ ಪ್ರೋಗ್ರಾಂನಲ್ಲಿ ಒಂದು ವೃತ್ತ ಹಾಕಿ ಅಳತೆಪಟ್ಟಿ ಇಟ್ಟು ನೋಡಿ. ಅಗಲ 10 ಸೆಂ.ಮೀ. ಇದ್ದು ಎತ್ತರ 11.1 ಇದ್ದರೆ ಅದೇ. ಮಾನಿಟರಿನ ಮೆನುವಿನಲ್ಲಿ ಚಿತ್ರದ ಆಕಾರದ ಆಯ್ಕೆ Full ಇದ್ದರೆ Aspect ಅಥವಾ 1:1 ಮಾಡಿ. ಆಗ ಮೇಲೆ ಕೆಳಗೆ 60 ಪಿಕ್ಸೆಲ್ ಕಪ್ಪು ಪಟ್ಟಿ ಬರುತ್ತದೆ, ವೃತ್ತ ವೃತ್ತವಾಗುತ್ತದೆ. ಆದರೆ ಅದು ಅರ್ಧ ಪರಿಹಾರ, ನಿಮ್ಮ 120 ಸಾಲು ಇನ್ನೂ ಹೊರಗೇ ಇದೆ.

ಸ್ವಿಚ್ ತೆಗೆದು ನೇರ ಕೇಬಲ್ ಹಾಕಿ ನೋಡಿ. 1200 ಪಟ್ಟಿಯಲ್ಲಿ ಬಂದರೆ ತಪ್ಪು ಸ್ವಿಚ್‌ನದ್ದು. ಮಾನಿಟರ್ ತನ್ನ ಅಳತೆ ಹೇಳಿಕೊಳ್ಳುವ ಮಾಹಿತಿಯನ್ನು ದಾಟಿಸದೆ, ಟಿವಿಗೆ ಹೊಂದುವ ತನ್ನದೇ ಪಟ್ಟಿಯನ್ನು ಕೊಡುವ ಸ್ವಿಚ್‌ಗಳಿವೆ.

ತೆರೆದಕಿಟಕಿ

ವೃತ್ತ ಅಳೆದೆ, ಮೊಟ್ಟೆಯಾಗಿದೆ. ನೇರ ಕೇಬಲ್‌ನಲ್ಲಿ 1200 ಬರುತ್ತದೆ. ಸ್ವಿಚ್ ಬಿಡುವಂತಿಲ್ಲ, ಎರಡು ಯಂತ್ರ ಒಂದೇ ಮಾನಿಟರಿಗೆ ಬೇಕು. `cvt 1920 1200 60` ಕೊಟ್ಟು ಬಂದ ಸಾಲನ್ನು ಸೇರಿಸಿದರೆ ಪರದೆ ಕಪ್ಪಾಗುತ್ತದೆ.

ಪರದೆಮಾಪಕ

ಕಪ್ಪಾಗಲು ಬಹುಶಃ ಕಾರಣ ಪಿಕ್ಸೆಲ್ ಗಡಿಯಾರ. ನೀವು ಕೊಟ್ಟ ಆದೇಶ ಹಳೆಯ ಟ್ಯೂಬ್ ಮಾನಿಟರಿಗೆ ಬೇಕಾಗುವಷ್ಟು ಖಾಲಿ ಸಮಯವನ್ನೂ ಸೇರಿಸಿ 193.25 ಮೆಗಾಹರ್ಟ್ಸ್ ಕೇಳುತ್ತದೆ. ಹಳೆಯ ಸ್ವಿಚ್ ಮತ್ತು ಸಿಂಗಲ್ ಲಿಂಕ್ ಡಿವಿಐ ಮಿತಿ 165. ಎಲ್‌ಸಿಡಿಗೆ ಆ ಖಾಲಿ ಸಮಯ ಬೇಕಿಲ್ಲ. `cvt -r 1920 1200 60` ಕೊಟ್ಟರೆ 154 ಮೆಗಾಹರ್ಟ್ಸ್‌ನಲ್ಲಿ ಅದೇ ಚಿತ್ರ ಬರುತ್ತದೆ:

```
xrandr --newmode "1920x1200R" 154.00 1920 1968 2000 2080 1200 1203 1209 1235 +hsync -vsync
xrandr --addmode HDMI-1 "1920x1200R"
xrandr --output HDMI-1 --mode "1920x1200R"
```

`HDMI-1` ಜಾಗದಲ್ಲಿ ಬರೀ `xrandr` ಕೊಟ್ಟಾಗ ಕಾಣುವ ನಿಮ್ಮ ಪೋರ್ಟ್ ಹೆಸರು ಹಾಕಿ. ಇದು ಎಕ್ಸ್11ರಲ್ಲಿ ಮಾತ್ರ ನಡೆಯುತ್ತದೆ, ವೇಲ್ಯಾಂಡ್‌ನಲ್ಲಿ ಅಲ್ಲ. ಯಂತ್ರ ಮತ್ತೆ ಶುರು ಮಾಡಿದರೆ ಅಳಿಸಿಹೋಗುತ್ತದೆ, ಸರಿ ಬಂದರೆ ಲಾಗಿನ್ ಆದಾಗ ಓಡುವ ಸ್ಕ್ರಿಪ್ಟ್‌ಗೆ ಸೇರಿಸಿ.

ತೆರೆದಕಿಟಕಿ

ಬಂತು! ಅಕ್ಷರ ಚೂಪಾಗಿದೆ, ವೃತ್ತ ದುಂಡಗಿದೆ. ಇನ್ನೊಂದು ಯಂತ್ರ ವೇಲ್ಯಾಂಡ್‌ನಲ್ಲಿದೆ, ಅದಕ್ಕೆ ದಾರಿ ಗೊತ್ತಿರುವವರು ಹೇಳಿ.

ಕೋಡ್‌ಕಣಜ

ಮೂಲ ಪ್ರಶ್ನೆಗೆ ಮರಳೋಣ. 16:10 ಎಲ್ಲಿ ಉಪಯೋಗಕ್ಕೆ ಬರುವುದಿಲ್ಲ ಅಂತಲೂ ಹೇಳಬೇಕು. ಎಕ್ಸೆಲ್ ಒಂದು ಕಡೆ, ಪಿಡಿಎಫ್ ಇನ್ನೊಂದು ಕಡೆ ಇಟ್ಟು ಕೆಲಸ ಮಾಡುವವರಾದರೆ 150%ನಲ್ಲಿ ಎರಡಕ್ಕೂ 640 ಪಿಕ್ಸೆಲ್ ಅಗಲ ಅಷ್ಟೇ. 16:9 ಆದರೂ ಅದೇ, 16:10 ಆದರೂ ಅದೇ. 640 ಅಗಲದಲ್ಲಿ ಬಹಳ ಜಾಲತಾಣಗಳು ಮೊಬೈಲ್ ರೂಪಕ್ಕೆ ತಿರುಗುತ್ತವೆ, ಎಕ್ಸೆಲ್‌ನಲ್ಲಿ ಮಾಮೂಲಿ 64 ಪಿಕ್ಸೆಲ್‌ನ ಕಾಲಂ ಒಂಬತ್ತು ಕಂಡರೆ ಹೆಚ್ಚು. ಅಲ್ಲಿ ಬೇಕಿರುವುದು ಅಗಲ, ಅದನ್ನು 16:10 ಕೊಡುವುದಿಲ್ಲ.

ಕೋಡ್ ಬರೆಯುವವರಿಗೆ ಇನ್ನೊಂದು ದಾರಿ, 16:9 ಮಾನಿಟರನ್ನು ನೆಟ್ಟಗೆ ನಿಲ್ಲಿಸುವುದು. 1080 ಅಗಲ, 1920 ಎತ್ತರ. ನೂರು ಸಾಲು ಒಮ್ಮೆಗೇ ಕಾಣುತ್ತದೆ.

ವೀಣಾ_ಪುಟವಿನ್ಯಾಸ

ನೆಟ್ಟಗೆ ನಿಲ್ಲಿಸುವ ಮುನ್ನ ಪ್ಯಾನೆಲ್ ಯಾವುದು ನೋಡಿ. ಟಿಎನ್ ಪ್ಯಾನೆಲ್ ಆದರೆ ತಿರುಗಿಸಿದಾಗ ಅದರ ದುರ್ಬಲ ದಿಕ್ಕು ಎಡಬಲಕ್ಕೆ ಬರುತ್ತದೆ, ಎರಡು ಕಣ್ಣಿಗೂ ಬಣ್ಣ ಬೇರೆ ಬೇರೆ ಕಾಣುತ್ತದೆ. ಐಪಿಎಸ್ ಆದರೆ ಆ ತೊಂದರೆ ಇಲ್ಲ. ಅಕ್ಷರದ ಅಂಚಿನಲ್ಲಿ ಬಣ್ಣದ ಗೆರೆ ಕಂಡರೆ ಕ್ಲಿಯರ್‌ಟೈಪ್ ಹೊಂದಿಸುವ ಪುಟಕ್ಕೆ ಹೋಗಿ ಆ ಮಾನಿಟರಿಗೆ ಬೇರೆಯಾಗಿ ಹೊಂದಿಸಿ, ಯಾಕೆಂದರೆ ಕೆಂಪು ಹಸಿರು ನೀಲಿ ಪಟ್ಟಿಗಳು ಈಗ ಮಲಗಿವೆ. ಅದರಿಂದಲೂ ಹೋಗದಿದ್ದರೆ ಕ್ಲಿಯರ್‌ಟೈಪ್ ಆರಿಸಿಬಿಡಿ. ನೆಟ್ಟಗೆ ನಿಲ್ಲಿಸಿದಾಗಲೂ 16:10ಕ್ಕೇ ನನ್ನ ಮತ, 1200 ಅಗಲ ಇದ್ದರೆ ಪುಟದ ಪಕ್ಕ ಪರಿಕರ ಪಟ್ಟಿಗೂ ಜಾಗ ಉಳಿಯುತ್ತದೆ.

ಗೇಮರ್_ರವಿ

ಸಿನಿಮಾ ನೋಡೋವಾಗ 16:10ರಲ್ಲಿ ಕಪ್ಪು ಪಟ್ಟಿ ಬರುತ್ತಲ್ಲ, ಅದು ನಷ್ಟ ಅಲ್ವಾ?

ಪರದೆಮಾಪಕ

ಪಟ್ಟಿ ಬರುವುದು ನಷ್ಟವಲ್ಲ, 16:9 ವಿಡಿಯೊ ಅಲ್ಲೂ ಪೂರ್ತಿ 1920×1080ರಲ್ಲೇ ಓಡುತ್ತದೆ. ಅದೇ ಕರ್ಣದಲ್ಲಿ ಅಗಲ 2.7% ಕಡಿಮೆ ಇರುವುದರಿಂದ ಚಿತ್ರ ಅಷ್ಟು ಚಿಕ್ಕದು, ಅಷ್ಟೇ. ವಿಡಿಯೊ ಸಂಕಲನ ಮಾಡುವವರಿಗೆ ಅದರಿಂದ ಲಾಭವೂ ಇದೆ, ಪೂರ್ಣ ಗಾತ್ರದ ಚಿತ್ರದ ಕೆಳಗೆ 120 ಪಿಕ್ಸೆಲ್‌ನಲ್ಲಿ ನಿಯಂತ್ರಣ ಪಟ್ಟಿ ಇಡಬಹುದು. ಟೈಮ್‌ಲೈನ್ ಉದ್ದಕ್ಕೆ ಹರಡುವವರು ಮಾತ್ರ ಅಗಲವನ್ನೇ ಕೇಳುತ್ತಾರೆ.

ಚಿಕ್ಕಮಾತು

ಮ್ಯಾಕ್‌ಬುಕ್ ಪ್ರೊ 14 ಇಂಚಿನದ್ದು 3024×1964 ಇದೆ. ಅದು 16:10 ಅಲ್ಲವಲ್ಲ?

ಪರದೆಮಾಪಕ

ಮೇಲಿನ 74 ಸಾಲು ಕ್ಯಾಮೆರಾ ಕಚ್ಚಿನ ಅಕ್ಕಪಕ್ಕದ್ದು. ಅದನ್ನು ಕಳೆದರೆ 3024×1890, ಸರಿಯಾಗಿ 16:10. ಮೆನು ಪಟ್ಟಿ ಆ ಮೇಲಿನ ಭಾಗಕ್ಕೆ ಹೋಗುವುದರಿಂದ ಕೆಳಗಿನ 16:10 ಪೂರ್ತಿ ಕೆಲಸಕ್ಕೆ ಸಿಗುತ್ತದೆ.

ಲೆಕ್ಕದಪುಸ್ತಕ

ಎಲ್ಲ ಓದಿದ ಮೇಲೆ 1920×1200 ಕಡೆ ವಾಲಿದ್ದೇನೆ, ಮುಖ್ಯವಾಗಿ ಅರ್ಧ ಪುಟದ ಲೆಕ್ಕ ಮತ್ತು ಆ OK ಗುಂಡಿಗಾಗಿ. ಕೊನೆಯದಾಗಿ, ಕಚೇರಿಯಲ್ಲಿ 24 ಇಂಚಿನ 16:9 ಮಾನಿಟರಿಗೆ ಜೋಡಿಸಿದರೆ ತೊಂದರೆ ಆಗುತ್ತದೆಯೇ?

ಕೋಡ್‌ಕಣಜ

Win+P ಒತ್ತಿ Extend ಆರಿಸಿದರೆ ಆಗುವುದಿಲ್ಲ, ಎರಡೂ ತಮ್ಮ ತಮ್ಮ ಅಳತೆಯಲ್ಲಿ ಓಡುತ್ತವೆ. Duplicate ಆರಿಸಿದರೆ ಎರಡಕ್ಕೂ ಹೊಂದುವ ಒಂದೇ ಅಳತೆ, ಸಾಮಾನ್ಯವಾಗಿ 1920×1080. ಆಗ ಲ್ಯಾಪ್‌ಟಾಪ್‌ನ ಮೇಲೆ ಕೆಳಗೆ ಕಪ್ಪು ಪಟ್ಟಿ ಬರುತ್ತದೆ, ಇಲ್ಲವೇ ತೆರೆದಕಿಟಕಿಯವರ ಹಾಗೆ ವೃತ್ತ ಮೊಟ್ಟೆಯಾಗುತ್ತದೆ. Extend ಮಾಡಿದ ಮೇಲೆ ಡಿಸ್‌ಪ್ಲೇ ಸೆಟ್ಟಿಂಗ್ಸ್‌ನಲ್ಲಿ ಎರಡು ಆಯತಗಳ ಕೆಳಅಂಚು ಒಂದೇ ಸಾಲಿಗೆ ಎಳೆದಿಡಿ. ಎತ್ತರ ಬೇರೆ ಬೇರೆ ಇರುವುದರಿಂದ ಒಂದು ಮೂಲೆಯಲ್ಲಿ ಮೌಸ್ ದಾಟದೆ ತಡೆದು ನಿಲ್ಲುತ್ತದೆ. ಕೆಳಅಂಚು ಹೊಂದಿಸಿದರೆ ಆ ಮೂಲೆ ಮೇಲ್ಗಡೆ ಹೋಗುತ್ತದೆ.

ಸುಬ್ಬಣ್ಣ

ಕಚೇರಿಯಲ್ಲಿ 24 ಇಂಚು ಇದೆ ಅಂತ ಈಗ ಹೇಳುತ್ತಿದ್ದೀರಿ. ಎಕ್ಸೆಲ್ ಆ ಮಾನಿಟರಿನಲ್ಲೇ ತೆರೆಯುವುದಾದರೆ 100%ನಲ್ಲಿ 1080 ಎತ್ತರ, ಅದೇ 300 ಕಳೆದು 780, ಅಂದರೆ 39 ಸಾಲು. ಲ್ಯಾಪ್‌ಟಾಪ್ ಆಕಾರಕ್ಕೆ ಅಲ್ಲಿ ಕೆಲಸವೇ ಇಲ್ಲ. ದಿನದಲ್ಲಿ ಎಷ್ಟು ಹೊತ್ತು ಮಾನಿಟರ್ ಇಲ್ಲದೆ ಕೂರುತ್ತೀರಿ?

ಲೆಕ್ಕದಪುಸ್ತಕ

ಅರ್ಧ ದಿನ ಕಕ್ಷಿದಾರರ ಕಡೆ, ಬರೀ ಲ್ಯಾಪ್‌ಟಾಪ್.

ಸುಬ್ಬಣ್ಣ

ಹಾಗಾದರೆ 16:10 ತೆಗೆದುಕೊಳ್ಳಿ. ರಿಬ್ಬನ್ ಮಾತ್ರ ಮಡಚಿಡಿ.